ಬೋರ್ಡಿಂಗ್ ಪಾಸಿನೊಳಗಿನ ಅರವತ್ತು ಅಕ್ಷರಗಳು

ಹಾಸನದ ಬಸ್ ನಿಲ್ದಾಣದ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಈಗ ಪಹಣಿ, ಆಧಾರ್ ಪ್ರತಿಗಳ ಜೊತೆಗೆ ಬೋರ್ಡಿಂಗ್ ಪಾಸುಗಳೂ ಪ್ರಿಂಟ್ ಆಗುತ್ತವೆ. ಮಗನೋ ಮಗಳೋ ದೆಹಲಿಯಲ್ಲಿ ಕುಳಿತು ಟಿಕೆಟ್ ಮಾಡಿಸಿ, ವೆಬ್ ಚೆಕ್-ಇನ್ ಮುಗಿಸಿ, ವಾಟ್ಸಾಪಿನಲ್ಲಿ ಕಳುಹಿಸಿದ ಕಡತವನ್ನು ಊರಿನಲ್ಲಿರುವ ತಾಯಿ ತಂದೆಯರು ಕಾಗದಕ್ಕೆ ಇಳಿಸಿಕೊಂಡು ಬೆಂಗಳೂರಿನ ಕಡೆ ಹೊರಡುತ್ತಾರೆ. ಆ ಕಾಗದದ ಮೇಲೆ ಹೆಸರು, ಸಮಯ, ಸೀಟಿನ ಸಂಖ್ಯೆ ಇವಿಷ್ಟು ಎಲ್ಲರಿಗೂ ಅರ್ಥವಾಗುತ್ತವೆ. ಉಳಿದ ಅಂಕಿಗಳು, ಒಂಟಿ ಅಕ್ಷರಗಳು ಮತ್ತು ಕಪ್ಪು ಚುಕ್ಕೆ ಗೆರೆಗಳ ಆ ಬಾರ್‌ಕೋಡ್ ಯಾರಿಗಾಗಿ ಇವೆ, ಅವುಗಳಲ್ಲಿ ಯಾವುದು ನಮಗೆ ಬೇಕಾದದ್ದು ಎಂಬುದು ಬಹುಮಂದಿಗೆ ತಿಳಿದಿರುವುದಿಲ್ಲ.

ಒಂದೊಂದು ವಿಮಾನಯಾನ ಸಂಸ್ಥೆಯ ಪಾಸು ನೋಡಲು ಒಂದೊಂದು ಥರ ಇರುತ್ತದೆ. ಒಬ್ಬರು ಎಡಕ್ಕೆ ಅಚ್ಚು ಮಾಡಿದ್ದನ್ನು ಇನ್ನೊಬ್ಬರು ಕೆಳಗೆ ಹಾಕುತ್ತಾರೆ. ಕ್ರಮಸಂಖ್ಯೆಯನ್ನು ಒಬ್ಬರು `SEQ` ಎಂದು ಬರೆದರೆ ಇನ್ನೊಬ್ಬರು `Seq No` ಎನ್ನುತ್ತಾರೆ. ಹೀಗಾಗಿ ಪಾಸಿನ ಮುಖವನ್ನು ನೋಡಿ ಕಲಿಯುವುದಕ್ಕಿಂತ ಬಾರ್‌ಕೋಡಿನ ಒಳಗಿನ ಸಾಲನ್ನು ಓದಲು ಕಲಿಯುವುದು ಸುಲಭ. ಆ ಸಾಲಿನ ಕ್ರಮ ಜಗತ್ತಿನ ಎಲ್ಲ ಸಂಸ್ಥೆಗಳಿಗೂ ಒಂದೇ. ವಿಮಾನಯಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯಾಟಾ ತನ್ನ 792ನೇ ನಿರ್ಣಯದಲ್ಲಿ ಅದನ್ನು ಗೊತ್ತುಪಡಿಸಿದೆ. ಮೊದಲು ಪಾಸಿನ ಹಿಂಬದಿಯಲ್ಲಿ ಕಾಂತೀಯ ಪಟ್ಟಿ ಇರುತ್ತಿತ್ತು, ಅದಕ್ಕೆ ದಪ್ಪ ಕಾಗದವೂ ವಿಶೇಷ ಪ್ರಿಂಟರುಗಳೂ ಬೇಕಿದ್ದವು. 2010ರ ಕೊನೆಯ ಹೊತ್ತಿಗೆ ಸದಸ್ಯ ಸಂಸ್ಥೆಗಳೆಲ್ಲ ಬಾರ್‌ಕೋಡಿಗೆ ಬದಲಾಗಬೇಕೆಂದು ಒಕ್ಕೂಟ ಗಡುವು ಹಾಕಿದ ಮೇಲೆ ಆ ಪಟ್ಟಿ ಮರೆಯಾಯಿತು. ಮನೆಯ ಪ್ರಿಂಟರಿನಲ್ಲಿ, ಅಂಗಡಿಯ ಪ್ರಿಂಟರಿನಲ್ಲಿ ಸಾದಾ ಹಾಳೆಯ ಮೇಲೆ ಪಾಸು ತೆಗೆಯಲು ಸಾಧ್ಯವಾಗಿರುವುದು ಈ ಬದಲಾವಣೆಯಿಂದಲೇ.

ಈಗ ಒಂದು ಉದಾಹರಣೆಯನ್ನು ಹಿಡಿದು ಹೋಗೋಣ. ಅರಸೀಕೆರೆಯ ಲಕ್ಷ್ಮೀದೇವಿ ಎಂಬವರು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಅವರ ದಾಖಲೆಗಳಲ್ಲಿ ಪತಿಯ ಹೆಸರಾದ ಸೋಮಶೇಖರ್ ಎಂಬುದೇ ಉಪನಾಮದ ಜಾಗದಲ್ಲಿದೆ. ಹೆಸರೂ ವಿಮಾನದ ಸಂಖ್ಯೆಯೂ ಈ ಲೇಖನಕ್ಕಾಗಿ ಕಟ್ಟಿಕೊಂಡವು. ವಿನ್ಯಾಸ ಮಾತ್ರ ನಿಜವಾದದ್ದು. ಅವರ ಪಾಸಿನ ಬಾರ್‌ಕೋಡನ್ನು ಮೊಬೈಲಿನ ಯಾವುದಾದರೊಂದು ಸ್ಕ್ಯಾನರ್ ಆ್ಯಪಿನಿಂದ ಓದಿದರೆ ಪರದೆಯ ಮೇಲೆ ಬರುವುದು ಇಷ್ಟು:

```
M1SOMASHEKAR/LAKSHMIDEEQ7K2LD BLRDELAI 0501 061Y014C0087 100
```

ಖಾಲಿ ಜಾಗಗಳನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ 60 ಅಕ್ಷರಗಳು. ಒಂದು ಪ್ರಯಾಣದ ಪಾಸಿನಲ್ಲಿ ಕಡ್ಡಾಯವಾಗಿ ಇರಲೇಬೇಕಾದ ಭಾಗ ಇದು. ಇಲ್ಲಿ ಒಂದು ವಿವರವನ್ನು ಇನ್ನೊಂದರಿಂದ ಬೇರ್ಪಡಿಸಲು ಅಲ್ಪವಿರಾಮವಾಗಲಿ ಗೆರೆಯಾಗಲಿ ಇಲ್ಲ. ಯಾವ ವಿವರ ಎಷ್ಟನೇ ಅಕ್ಷರದಿಂದ ಎಷ್ಟನೆಯದರವರೆಗೆ ಎಂಬುದು ಮೊದಲೇ ನಿಗದಿಯಾಗಿದೆ, ಯಂತ್ರ ಎಣಿಸಿಕೊಂಡು ಓದುತ್ತದೆ. ವಿವರ ಚಿಕ್ಕದಾದರೆ ಉಳಿದ ಜಾಗ ಖಾಲಿ ಬಿಡುತ್ತದೆ, ದೊಡ್ಡದಾದರೆ ಕತ್ತರಿಸಿಹೋಗುತ್ತದೆ.

ಮೊದಲ ಅಕ್ಷರ `M` ಈ ವಿನ್ಯಾಸದ ಗುರುತು. ಅದರ ಪಕ್ಕದ `1` ಈ ಒಂದು ಬಾರ್‌ಕೋಡಿನಲ್ಲಿ ಎಷ್ಟು ವಿಮಾನಗಳ ವಿವರವಿದೆ ಎಂಬುದರ ಎಣಿಕೆ. ಮಂಗಳೂರಿನಿಂದ ಮುಂಬೈಗೆ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವವರಿಗೆ ಇಲ್ಲಿ `2` ಇರಬಹುದು. ಆಗ ಹೆಸರು ಒಂದೇ ಸಲ ಬರೆದು, ಬುಕಿಂಗಿನ ಗುರುತಾದ ಪಿಎನ್‌ಆರ್‌ನಿಂದ ಹಿಡಿದು 37 ಅಕ್ಷರಗಳ ಭಾಗವನ್ನು ಎರಡನೇ ವಿಮಾನಕ್ಕಾಗಿ ಮತ್ತೊಮ್ಮೆ ಜೋಡಿಸಲಾಗುತ್ತದೆ. ಹೀಗೆ ನಾಲ್ಕು ವಿಮಾನಗಳವರೆಗೆ ಸೇರಿಸಲು ಅವಕಾಶವಿದೆ. ಆದರೂ ಹೆಚ್ಚಿನ ಸಂಸ್ಥೆಗಳು ಪ್ರತಿ ವಿಮಾನಕ್ಕೂ ಬೇರೆ ಪಾಸನ್ನೇ ಕೊಡುತ್ತವೆ.

ಅದಾದ ಮೇಲಿನ 20 ಅಕ್ಷರಗಳು ಹೆಸರಿಗೆ ಮೀಸಲು. ಮೊದಲು ಉಪನಾಮ, ಆಮೇಲೆ ಒಂದು ಓರೆಗೆರೆ, ಆಮೇಲೆ ಸ್ವಂತ ಹೆಸರು. `SOMASHEKAR` ಎಂಬುದಕ್ಕೆ 10, ಓರೆಗೆರೆಗೆ 1 ಹೋದರೆ ಉಳಿಯುವುದು 9. `LAKSHMIDEVI` ಎಂದು ಬರೆಯಲು 11 ಬೇಕು. ಆದ್ದರಿಂದ ಹೆಸರು `LAKSHMIDE` ಎಂಬಲ್ಲಿಗೆ ನಿಂತುಬಿಡುತ್ತದೆ. ಅದರ ಬೆನ್ನಿಗೇ ಅಂಟಿಕೊಂಡಿರುವ ಇನ್ನೊಂದು `E` ಹೆಸರಿನದ್ದಲ್ಲ. ಅದು ಇದು ಇ-ಟಿಕೆಟ್ ಎಂಬುದನ್ನು ಹೇಳುವ ಪ್ರತ್ಯೇಕ ಅಕ್ಷರ. ಪರದೆಯ ಮೇಲೆ `LAKSHMIDEE` ಎಂದು ಕಂಡು ಹೆಸರು ತಪ್ಪಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಚಿಕ್ಕ ಹೆಸರಿನವರಿಗೆ ಬೇರೆ ರೀತಿಯ ಗೊಂದಲ ಕಾದಿರುತ್ತದೆ: ಕೊನೆಯಲ್ಲಿ `MR` ಅಥವಾ `MRS` ಅಂತರವಿಲ್ಲದೆ ಸೇರಿ, ರಮೇಶ್ ಎಂಬವರು `RAMESHMR` ಆಗಿರುತ್ತಾರೆ. ಎರಡೂ ಸಹಜವೇ. ಕತ್ತರಿಸಿದ್ದು ಬಾರ್‌ಕೋಡಿನಲ್ಲಿ ಮಾತ್ರ, ಸಂಸ್ಥೆಯ ಕಂಪ್ಯೂಟರಿನಲ್ಲಿ ಪೂರ್ತಿ ಹೆಸರು ಹಾಗೆಯೇ ಇರುತ್ತದೆ.

ನಿಜವಾದ ತೊಂದರೆ ಹುಟ್ಟುವುದು ಟಿಕೆಟ್ ಮಾಡಿಸುವಾಗ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ಇರುತ್ತದೆ, ಉಪನಾಮ ಇರುವುದಿಲ್ಲ. ಆಧಾರಿನಲ್ಲಿ ಎಚ್.ಎಸ್. ಎಂದು ಮೊದಲು ಬಂದಿದ್ದರೆ ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಂದು ಬರೆಸಿರುತ್ತಾರೆ. ಟಿಕೆಟಿನ ಅರ್ಜಿ ಕೊನೆಯ ಹೆಸರನ್ನು ಕಡ್ಡಾಯವಾಗಿ ಕೇಳಿದಾಗ ಮನೆಯವರು ಕೈಗೆ ಬಂದದ್ದನ್ನು ತುಂಬುತ್ತಾರೆ. ದೇಶದೊಳಗಿನ ಪ್ರಯಾಣದಲ್ಲಿ ಬಾಗಿಲಿನ ಸಿಬ್ಬಂದಿ ಮನುಷ್ಯರೇ ಆಗಿರುವುದರಿಂದ ಅಕ್ಷರಗಳ ಕ್ರಮ ಹಿಂದೆ ಮುಂದೆ ಆದದ್ದನ್ನು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತಾರೆ. ಆದರೆ 2022ರ ಡಿಸೆಂಬರ್ 1ರಂದು ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಆರಂಭವಾದ, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆಯಲ್ಲಿ ಪಾಸಿನ ಹೆಸರನ್ನೂ ಗುರುತಿನ ದಾಖಲೆಯ ಹೆಸರನ್ನೂ ಹೋಲಿಸುವುದು ಯಂತ್ರ, ಅದಕ್ಕೆ ದಾಕ್ಷಿಣ್ಯವಿಲ್ಲ. ವಿದೇಶ ಪ್ರಯಾಣಕ್ಕಂತೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು, ಅದರಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ ಏನು ತುಂಬಬೇಕೆಂದು ಆಯಾ ಸಂಸ್ಥೆಯ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಮುಂದಿನ `Q7K2LD` ಪಿಎನ್‌ಆರ್. ಸ್ಥಳ 7 ಅಕ್ಷರಗಳಿಗೆ ಇದ್ದರೂ ಬಳಕೆಯಲ್ಲಿರುವುದು ಆರೇ ಆದ್ದರಿಂದ ಕೊನೆಯದು ಖಾಲಿ. ರೈಲಿನ ಪಿಎನ್‌ಆರ್‌ನಂತೆ ಇದು ಬರೀ ಅಂಕಿಗಳಲ್ಲ, ಅಕ್ಷರ ಅಂಕಿ ಎರಡೂ ಬೆರೆತಿರುತ್ತವೆ. ಇದನ್ನು ಟಿಕೆಟ್ ಸಂಖ್ಯೆಯೊಂದಿಗೆ ಒಂದು ಮಾಡಬಾರದು. ಟಿಕೆಟ್ ಸಂಖ್ಯೆಗೆ 13 ಅಂಕಿಗಳು, ಅದರಲ್ಲಿ ಮೊದಲ ಮೂರು ಸಂಸ್ಥೆಯ ಲೆಕ್ಕದ ಗುರುತು. ಏರ್ ಇಂಡಿಯಾದ ಟಿಕೆಟುಗಳು 098ರಿಂದ ಶುರುವಾಗುತ್ತವೆ. ಪಿಎನ್‌ಆರ್ ಬುಕಿಂಗಿನ ಕಡತದ ಹೆಸರಾದರೆ ಟಿಕೆಟ್ ಸಂಖ್ಯೆ ಹಣ ಕಟ್ಟಿದ್ದಕ್ಕೆ ಪುರಾವೆ. ಒಂದೇ ಪಿಎನ್‌ಆರ್‌ನಲ್ಲಿ ಮನೆಮಂದಿ ನಾಲ್ವರಿದ್ದರೆ ಟಿಕೆಟ್ ಸಂಖ್ಯೆಗಳು ಮಾತ್ರ ನಾಲ್ಕು ಇರುತ್ತವೆ. ಹಣ ವಾಪಸಾತಿಗಾಗಲಿ, ಪದೇ ಪದೇ ಹಾರುವವರಿಗೆ ಸಂಸ್ಥೆ ಕೊಡುವ ಮೈಲಿ ಅಂಕಗಳು ಕಳೆದುಹೋದದ್ದಕ್ಕಾಗಲಿ ಪತ್ರ ಬರೆಯುವಾಗ ಕೇಳುವುದು ಈ 13 ಅಂಕಿಗಳನ್ನು.

`BLR` ಮತ್ತು `DEL` ಹೊರಡುವ, ಇಳಿಯುವ ನಿಲ್ದಾಣಗಳು. `AI` ಎಂಬುದು ವಿಮಾನವನ್ನು ನಡೆಸುವ ಸಂಸ್ಥೆ, `0501` ವಿಮಾನದ ಸಂಖ್ಯೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಬಾರ್‌ಕೋಡಿನ ಈ ಜಾಗದಲ್ಲಿ ಬರುವುದು ಟಿಕೆಟ್ ಮಾರಿದ ಸಂಸ್ಥೆಯ ಹೆಸರಲ್ಲ, ವಿಮಾನ ಹಾರಿಸುವ ಸಂಸ್ಥೆಯದು. ಎರಡು ಸಂಸ್ಥೆಗಳ ನಡುವೆ ಒಪ್ಪಂದವಿದ್ದಾಗ ಟಿಕೆಟಿನ ಮೇಲೆ ಒಂದು ಸಂಖ್ಯೆಯೂ ನಿಲ್ದಾಣದ ಪರದೆಯಲ್ಲಿ ಇನ್ನೊಂದು ಸಂಖ್ಯೆಯೂ ಕಂಡುಬರುವುದುಂಟು. ಯಾರ ಕೌಂಟರಿನ ಮುಂದೆ ಸಾಲು ನಿಲ್ಲಬೇಕು ಎಂಬ ಪ್ರಶ್ನೆಗೆ ಉತ್ತರ ಹಾರಿಸುವ ಸಂಸ್ಥೆಯೇ.

ತಾರೀಖಿನ ಜಾಗದಲ್ಲಿ `061` ಎಂದಿದೆ. ತಿಂಗಳೂ ಇಲ್ಲ, ವರ್ಷವೂ ಇಲ್ಲ. ಇದು ಜನವರಿ 1ರಿಂದ ಎಣಿಸಿದ ದಿನದ ಕ್ರಮಸಂಖ್ಯೆ. ಜನವರಿಯ 31, ಫೆಬ್ರವರಿಯ 28 ಸೇರಿ 59 ಆಗುತ್ತದೆ. ಮಾರ್ಚ್ 1 ಅರವತ್ತನೆಯ ದಿನ, ಮಾರ್ಚ್ 2 ಅರವತ್ತೊಂದನೆಯದು. ಅಧಿಕ ವರ್ಷವಾದರೆ ಫೆಬ್ರವರಿ 29 ನಡುವೆ ಬರುವುದರಿಂದ ಇದೇ `061` ಮಾರ್ಚ್ 1 ಆಗಿಬಿಡುತ್ತದೆ. 2026ರಲ್ಲಿ ಓದಿದರೆ ಮಾರ್ಚ್ 2, 2028ರಲ್ಲಿ ಓದಿದರೆ ಮಾರ್ಚ್ 1. ಕಡ್ಡಾಯ ಭಾಗದಲ್ಲಿ ವರ್ಷವೇ ಇಲ್ಲದಿರುವುದು ಲೋಪದಂತೆ ಕಂಡರೂ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ, ಏಕೆಂದರೆ ಗೇಟಿನ ಯಂತ್ರ ಆ ದಿನದ ಆ ವಿಮಾನದ ಪಟ್ಟಿಯನ್ನು ಮಾತ್ರ ತೆರೆದುಕೊಂಡಿರುತ್ತದೆ. ನಮಗೆ ಮುಖ್ಯವಾದದ್ದು ಕಾಗದದ ಮೇಲೆ ಅಚ್ಚಾದ ತಾರೀಖು, ಅದರಲ್ಲೂ ನಡುರಾತ್ರಿಯ ವಿಮಾನಗಳದ್ದು. 3ನೇ ತಾರೀಖು 00:40ಕ್ಕೆ ವಿಮಾನ ಎಂದಿದ್ದರೆ ಹಾಸನದಿಂದ ಹೊರಡಬೇಕಾದದ್ದು 2ನೇ ತಾರೀಖಿನ ಮಧ್ಯಾಹ್ನ. 3ರ ರಾತ್ರಿ ಎಂದುಕೊಂಡು ಸಾವಕಾಶವಾಗಿ ಹೊರಟವರಿಗೆ ವಿಮಾನ ಹಾರಿ ಒಂದು ಹಗಲು ಕಳೆದಿರುತ್ತದೆ.

ಸಮಯದ ವಿಷಯ ಬಂದಾಗ ಇನ್ನೊಂದು ಮಾತು. ಬಾರ್‌ಕೋಡಿನ ಕಡ್ಡಾಯ ಭಾಗದಲ್ಲಿ ಸಮಯ ಇಲ್ಲವೇ ಇಲ್ಲ, ಗೇಟಿನ ಸಂಖ್ಯೆಯೂ ಇಲ್ಲ. ಅವೆರಡೂ ಕೊನೆಯ ಗಳಿಗೆಯವರೆಗೆ ಬದಲಾಗಬಹುದಾದವು. ಕಾಗದದಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಹಲವು ಬಾರಿ ಬೋರ್ಡಿಂಗ್ ಸಮಯ, ಅಂದರೆ ಗೇಟಿನಲ್ಲಿ ಹತ್ತಿಸಲು ಶುರುಮಾಡುವ ಹೊತ್ತು. ಹೊರಡುವ ಸಮಯ ಎಂದರೆ ವಿಮಾನ ತನ್ನ ನಿಲುಗಡೆಯನ್ನು ಬಿಟ್ಟು ಅಲುಗಾಡುವ ಹೊತ್ತು, ನೆಲ ಬಿಟ್ಟು ಏಳುವುದು ಇನ್ನೂ ಆಮೇಲೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಹೊರಡುವುದಕ್ಕೆ 20ರಿಂದ 25 ನಿಮಿಷ ಮೊದಲೇ ಗೇಟು ಮುಚ್ಚುವುದು ಸಾಮಾನ್ಯ. ಆದ್ದರಿಂದ ಮೂರು ಸಮಯಗಳಲ್ಲಿ ಪ್ರಯಾಣಿಕರಿಗೆ ನಿಜವಾಗಿ ಬೇಕಾದದ್ದು ಗೇಟು ಮುಚ್ಚುವ ಸಮಯ. ಅದನ್ನೇ ಕೆಲವು ಪಾಸುಗಳಲ್ಲಿ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುವುದು ನನಗೆ ಎಂದೂ ಸರಿ ಅನ್ನಿಸಿಲ್ಲ.

ಈಗ `Y`. ಪಾಸಿನ ಮೇಲೆ ಇದನ್ನು `Class` ಎಂಬ ಹೆಸರಿನಡಿ ಅಚ್ಚು ಮಾಡಿರುತ್ತಾರೆ, ಬಹುಪಾಲು ಗೊಂದಲ ಇಲ್ಲೇ ಇರುವುದು. ವಿಮಾನದಲ್ಲಿ ಕಣ್ಣಿಗೆ ಕಾಣುವ ವಿಭಾಗಗಳು ಎರಡೋ ಮೂರೋ: ಎಕಾನಮಿ, ಬಿಸಿನೆಸ್, ಕೆಲವೆಡೆ ಪ್ರೀಮಿಯಂ ಎಕಾನಮಿ ಅಥವಾ ಫಸ್ಟ್. ದರದ ವರ್ಗಗಳು ಮಾತ್ರ ಅಕ್ಷರಮಾಲೆಯ ಉದ್ದಕ್ಕೂ ಹರಡಿಕೊಂಡಿವೆ. ಎಕಾನಮಿಯ ಪೂರ್ಣ ದರಕ್ಕೆ `Y`, ಬಿಸಿನೆಸ್‌ನ ಪೂರ್ಣ ದರಕ್ಕೆ `J` ಅಥವಾ `C`, ಫಸ್ಟ್‌ಗೆ `F` ಎಂಬುದು ಹಳೆಯ ರೂಢಿ. ಉಳಿದ `B`, `M`, `K`, `Q`, `L`, `T` ಮುಂತಾದವು ಸಾಮಾನ್ಯವಾಗಿ ಎಕಾನಮಿಯ ರಿಯಾಯಿತಿ ದರಗಳು. ಆದರೆ ಯಾವ ಅಕ್ಷರಕ್ಕೆ ಎಷ್ಟು ರಿಯಾಯಿತಿ, ಯಾವ ನಿಬಂಧನೆ ಎಂಬುದನ್ನು ಪ್ರತಿ ಸಂಸ್ಥೆ ತನ್ನಿಷ್ಟದಂತೆ ಗೊತ್ತುಮಾಡುತ್ತದೆ. ಒಂದು ಸಂಸ್ಥೆಯ `K` ಇನ್ನೊಂದರ `K`ಗೆ ಸಮ ಎಂದು ತಿಳಿಯಬಾರದು.

ಈ ಅಕ್ಷರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಎಕಾನಮಿಯಲ್ಲಿ 150 ಸೀಟುಗಳಿವೆ, ಸಂಸ್ಥೆ ಅತಿ ಅಗ್ಗದ `T` ದರದಲ್ಲಿ 15 ಸೀಟುಗಳನ್ನು ಮಾತ್ರ ಮಾರಲು ನಿರ್ಧರಿಸಿದೆ, ಅದರ ಮೇಲಿನ `L` ದರವನ್ನೂ ಸೇರಿಸಿ ಒಟ್ಟು 40ಕ್ಕೆ ಮಿತಿ ಹಾಕಿದೆ ಎಂದುಕೊಳ್ಳಿ. ಮೊದಲ 15 ಮಾರಾಟವಾದ ಕೂಡಲೇ `T` ಮುಚ್ಚುತ್ತದೆ, 40 ಆದ ಮೇಲೆ `L` ಕೂಡ ಮುಚ್ಚುತ್ತದೆ. ಆಮೇಲೆ ಬಂದವರಿಗೆ ಅದಕ್ಕೂ ಮೇಲಿನ ದರವೇ ಗತಿ. `Y` ಮಾತ್ರ ಕೊನೆಯವರೆಗೂ ತೆರೆದಿರುತ್ತದೆ. ಬೇಡಿಕೆ ಕುಸಿದರೆ ಮುಚ್ಚಿದ್ದನ್ನು ಮತ್ತೆ ತೆರೆಯುವುದೂ ಉಂಟು. ಒಂದೇ ತೋಟದ, ಒಂದೇ ದರ್ಜೆಯ ಕಾಫಿಯನ್ನು ಒಬ್ಬರು ಒಂದು ವಾರ ಮಾರಿ ಇನ್ನೊಬ್ಬರು ಮುಂದಿನ ವಾರ ಮಾರಿದರೆ ಕೈಗೆ ಬರುವ ಹಣ ಬೇರೆಯಾಗುವುದು ಚಿಕ್ಕಮಗಳೂರಿನ ಬೆಳೆಗಾರರಿಗೆ ಹೊಸದಲ್ಲ. ಇಲ್ಲಿಯೂ ಅಕ್ಷರ ಹೇಳುವುದು ಸೀಟಿನ ಗುಣವನ್ನಲ್ಲ, ಯಾವ ದರದ ಬಾಗಿಲು ತೆರೆದಿದ್ದಾಗ ಕೊಂಡರು ಎಂಬುದನ್ನು. ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬರ ಪಾಸಿನಲ್ಲಿ `T`, ಇನ್ನೊಬ್ಬರದರಲ್ಲಿ `Y` ಇದ್ದರೆ ಅವರಿಗೆ ಸಿಗುವ ಕುರ್ಚಿಯಲ್ಲಿ ವ್ಯತ್ಯಾಸವಿಲ್ಲ. ತಾರೀಖು ಬದಲಿಸಲು ಎಷ್ಟು ಶುಲ್ಕ, ರದ್ದು ಮಾಡಿದರೆ ಎಷ್ಟು ವಾಪಸು, ಎಷ್ಟು ಮೈಲಿ ಅಂಕ, ಮೇಲಿನ ವಿಭಾಗಕ್ಕೆ ಏರಲು ಅರ್ಹತೆ ಇದೆಯೇ ಎಂಬುದರಲ್ಲಿ ವ್ಯತ್ಯಾಸ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನಿಯಮದ ಪ್ರಕಾರ ಬಾರ್‌ಕೋಡಿನ ಈ ಜಾಗ ವಿಭಾಗದ ಅಕ್ಷರಕ್ಕೆ ಮೀಸಲು, ದರದ ವರ್ಗಕ್ಕಲ್ಲ. ಆದರೂ ಕೆಲವು ಸಂಸ್ಥೆಗಳ ವ್ಯವಸ್ಥೆ ದರದ ಅಕ್ಷರವನ್ನೇ ಅಲ್ಲಿ ತುಂಬುತ್ತದೆ. ಹೀಗಾಗಿ ಕಾಗದದ ಮೇಲೆ `T` ಎಂದಿದ್ದು ಬಾರ್‌ಕೋಡಿನಲ್ಲಿ `Y` ಎಂದಿರುವುದನ್ನೂ ಕಾಣಬಹುದು, ಎರಡರಲ್ಲೂ `T` ಇರುವುದನ್ನೂ ಕಾಣಬಹುದು. ನಮ್ಮ ಉದಾಹರಣೆಯ `Y` ಎಂದರೆ ಲಕ್ಷ್ಮೀದೇವಿಯವರ ಮಗ ಪೂರ್ಣ ದರ ತೆತ್ತಿದ್ದಾನೆ ಎಂದು ನಿರ್ಧರಿಸುವಂತಿಲ್ಲ. ಎಕಾನಮಿ ಎಂಬುದಷ್ಟೇ ಖಚಿತ. ನಿಬಂಧನೆಗಳು ಗೊತ್ತಾಗಬೇಕಾದರೆ ಪಾಸನ್ನು ಬಿಟ್ಟು ಟಿಕೆಟಿನ ರಸೀದಿಯನ್ನು ನೋಡಬೇಕು. ಅಲ್ಲಿ ಉದ್ದನೆಯ ದರದ ಸಂಕೇತವೊಂದು ಇರುತ್ತದೆ, ಅದರ ಮೊದಲ ಅಕ್ಷರವೇ ಸಾಮಾನ್ಯವಾಗಿ ಈ ವರ್ಗದ ಅಕ್ಷರ.

ಸೀಟು `014C`. ಹದಿನಾಲ್ಕನೇ ಸಾಲು, `C` ಅಕ್ಷರ. ಸಾಲುಗಳ ಎಣಿಕೆ ಮುಂದಿನಿಂದ ಹಿಂದಕ್ಕೆ, ಅಕ್ಷರಗಳು ವಿಮಾನದ ಮೂಗಿನ ಕಡೆ ಮುಖಮಾಡಿ ನಿಂತಾಗ ಎಡದಿಂದ ಬಲಕ್ಕೆ. ನಡುವೆ ಒಂದೇ ದಾರಿಯಿರುವ ಎ320 ಅಥವಾ 737ರಲ್ಲಿ `A`, `B`, `C` ಎಡಕ್ಕೆ, `D`, `E`, `F` ಬಲಕ್ಕೆ. `A` ಮತ್ತು `F` ಕಿಟಕಿ, `C` ಮತ್ತು `D` ದಾರಿಯ ಪಕ್ಕ. ಚಿಕ್ಕ ನಿಲ್ದಾಣಗಳಿಗೆ ಹಾರುವ ಎಟಿಆರ್ ವಿಮಾನದಲ್ಲಿ ಸಾಲಿಗೆ ನಾಲ್ಕೇ ಸೀಟು. ಅಲ್ಲಿ ಕೆಲವು ಸಂಸ್ಥೆಗಳು `B`, `E` ಬಿಟ್ಟು `A`, `C`, `D`, `F` ಎಂದು ಕರೆಯುತ್ತವೆ, ಆಗ ಕಿಟಕಿಯ ಅಕ್ಷರ ಕಿಟಕಿಗೇ ಉಳಿಯುತ್ತದೆ. ಎರಡು ದಾರಿಗಳ ದೊಡ್ಡ ವಿಮಾನಗಳಲ್ಲಿ ಅಕ್ಷರಗಳು `K` ತನಕ ಹೋದರೂ `I` ಇರುವುದಿಲ್ಲ, 1 ಎಂಬ ಅಂಕಿಯಂತೆ ಕಾಣುತ್ತದೆಂದು ಕೈಬಿಟ್ಟಿದ್ದಾರೆ. 13ನೇ ಸಾಲನ್ನು ಅಪಶಕುನವೆಂದು ಬಿಡುವ ಸಂಸ್ಥೆಗಳೂ ಇವೆ.

ಅದಾದ ಮೇಲೆ ಬರುವ `0087` ಕ್ರಮಸಂಖ್ಯೆ. ಇದನ್ನು ವಿಮಾನ ಹತ್ತುವ ಸರದಿ ಎಂದು ತಿಳಿದು, 86 ಜನ ಹೋದ ಮೇಲೆ ನಮ್ಮ ಪಾಳಿ ಎಂದು ಕುಳಿತಲ್ಲೇ ಕಾಯುವವರಿದ್ದಾರೆ. ಅದು ಹತ್ತುವ ಸರದಿಯಲ್ಲ. ಆ ವಿಮಾನಕ್ಕೆ ಚೆಕ್-ಇನ್ ಆದವರಲ್ಲಿ ಇವರು ಎಷ್ಟನೆಯವರು ಎಂಬ ಗುರುತು. ಹತ್ತುವ ಸರದಿಗೆ `Zone` ಅಥವಾ `Group` ಎಂಬ ಬೇರೆ ವಿವರವಿದೆ. ಮನೆಯಲ್ಲೇ ಬೇಗ ವೆಬ್ ಚೆಕ್-ಇನ್ ಮಾಡಿದವರಿಗೆ ಚಿಕ್ಕ ಸಂಖ್ಯೆ, ಕೌಂಟರಿಗೆ ಬಂದು ಮಾಡಿಸಿದವರಿಗೆ ದೊಡ್ಡದು ಬರುವುದು ಸಹಜ. ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಕೆಲವೊಮ್ಮೆ ಈ ಸಂಖ್ಯೆ ಸೀಟುಗಳ ಒಟ್ಟು ಲೆಕ್ಕವನ್ನೇ ಮೀರಿರುತ್ತದೆ. ಮಡಿಲ ಮೇಲೆ ಕೂರುವ ಕೂಸಿಗೂ ಒಂದು ಸಂಖ್ಯೆ ಹೋಗಿರಬಹುದು, ಚೆಕ್-ಇನ್ ಮಾಡಿ ರದ್ದುಪಡಿಸಿದವರ ಸಂಖ್ಯೆ ಖಾಲಿ ಬಿದ್ದಿರಬಹುದು.

ಹಾಗಾದರೆ ಅದು ಯಾರಿಗೆ ಬೇಕು? ಗೇಟಿನ ಸಿಬ್ಬಂದಿಗೆ. ಒಂದೇ ವಿಮಾನದಲ್ಲಿ ಇಬ್ಬರು ಮಂಜುನಾಥ ಗೌಡರು ಇರುವುದು ನಮ್ಮ ಸೀಮೆಯಲ್ಲಿ ಆಶ್ಚರ್ಯವೇನಲ್ಲ. ಹೆಸರು ಒಂದೇ ಆಗಬಹುದು, ಸೀಟು ಕೊನೆಗಳಿಗೆಯಲ್ಲಿ ಬದಲಾಗಬಹುದು, ಆದರೆ ಒಂದು ವಿಮಾನದಲ್ಲಿ ಒಂದು ಕ್ರಮಸಂಖ್ಯೆ ಒಬ್ಬರಿಗೇ. ಸ್ಕ್ಯಾನರ್ ಕೈಕೊಟ್ಟಾಗ ಇದರ ಉಪಯೋಗ ಚೆನ್ನಾಗಿ ಕಾಣುತ್ತದೆ. ಸಿಬ್ಬಂದಿ 1ರಿಂದ ಸಂಖ್ಯೆಗಳನ್ನು ಅಚ್ಚುಮಾಡಿದ ಹಾಳೆಯೊಂದನ್ನು ತೆಗೆದು, ಪ್ರತಿ ಪಾಸಿನ ಕ್ರಮಸಂಖ್ಯೆ ನೋಡಿ ಅದರ ಮೇಲೆ ಗೆರೆ ಎಳೆಯುತ್ತಾ ಹೋಗುತ್ತಾರೆ. ಕೊನೆಯಲ್ಲಿ ಗೆರೆ ಬೀಳದೆ ಉಳಿದ ಸಂಖ್ಯೆಗಳು ಯಾರು ಬಂದಿಲ್ಲ ಎಂಬುದನ್ನು ಹೇಳುತ್ತವೆ. ಬಾರದವರ ಬ್ಯಾಗು ವಿಮಾನದ ಹೊಟ್ಟೆಯಲ್ಲಿದ್ದರೆ ಅದನ್ನು ಹುಡುಕಿ ಇಳಿಸಬೇಕು, ಭದ್ರತೆಯ ನಿಯಮ ಹಾಗಿದೆ. ಯಾರು ಬಂದಿಲ್ಲ ಎಂಬುದು ಬೇಗ ಗೊತ್ತಾಗದಿದ್ದರೆ ವಿಮಾನವೇ ತಡವಾಗುತ್ತದೆ.

ಸಾಲಿನ ಕೊನೆಯ ಮೂರು ಅಕ್ಷರಗಳು `100`. ಇದನ್ನು ನೂರು ಎಂದು ಓದಬಾರದು. ಮೊದಲ `1` ಪ್ರಯಾಣಿಕರ ಸ್ಥಿತಿ: ಚೆಕ್-ಇನ್ ಆಗಿದೆ ಎಂದರ್ಥ. `0` ಇದ್ದರೆ ಇನ್ನೂ ಆಗಿಲ್ಲ, `3` ಇದ್ದರೆ ಬ್ಯಾಗು ಕೂಡ ಕೊಟ್ಟಾಗಿದೆ, `7` ಇದ್ದರೆ ಸೀಟು ಖಾತ್ರಿಯಿಲ್ಲದೆ ಕಾಯುತ್ತಿರುವವರು. ಉಳಿದ `00` ಇದರ ಮುಂದೆ ಇನ್ನೆಷ್ಟು ಅಕ್ಷರಗಳ ಹೆಚ್ಚುವರಿ ಮಾಹಿತಿ ಇದೆ ಎಂಬ ಲೆಕ್ಕ, ಅದೂ ಹದಿನಾರರ ಮೂಲದ ಎಣಿಕೆಯಲ್ಲಿ; ನಮ್ಮ ಉದಾಹರಣೆಯಲ್ಲಿ ಏನೂ ಇಲ್ಲ. ನಿಜವಾದ ಪಾಸುಗಳಲ್ಲಿ ಇಲ್ಲಿ ಹೆಚ್ಚಾಗಿ ಬೇರೆ ಸಂಖ್ಯೆ ಇದ್ದು, ಅದರ ಮುಂದೆ `>` ಚಿಹ್ನೆಯಿಂದ ಶುರುವಾಗುವ ಇನ್ನೊಂದು ಭಾಗ ಇರುತ್ತದೆ. ಚೆಕ್-ಇನ್ ವೆಬ್‌ಸೈಟಿನಲ್ಲಿ ಆಯಿತೋ ಮೊಬೈಲಿನಲ್ಲೋ ಕೌಂಟರಿನಲ್ಲೋ, ಪಾಸು ಕೊಟ್ಟ ದಿನ ಯಾವುದು, ಬ್ಯಾಗಿನ ಪಟ್ಟಿಯ ಸಂಖ್ಯೆ ಎಷ್ಟು, ಮೈಲಿ ಅಂಕದ ಸದಸ್ಯ ಸಂಖ್ಯೆ ಏನು, ಎಷ್ಟು ಲಗೇಜಿಗೆ ಅವಕಾಶ ಎಂಬಂಥವು ಅಲ್ಲಿ ಸೇರುತ್ತವೆ. ಅದಕ್ಕೂ ಮುಂದೆ `^` ಚಿಹ್ನೆ ಕಂಡರೆ ಅದು ಡಿಜಿಟಲ್ ಸಹಿ, ಸಾಲನ್ನು ಯಾರೂ ತಿದ್ದಿಲ್ಲ ಎಂಬುದನ್ನು ಪರೀಕ್ಷಿಸಲು. ಎಲ್ಲ ಸಂಸ್ಥೆಗಳೂ ಸಹಿ ಹಾಕುವುದಿಲ್ಲ.

ಬಾರ್‌ಕೋಡಿನ ಮಿತಿಯೂ ಇದರಿಂದಲೇ ತಿಳಿಯುತ್ತದೆ. ಅದು ಪಾಸು ತೆಗೆದ ಹೊತ್ತಿನ ಚಿತ್ರ, ಅಷ್ಟೇ. ಹಾಸನದಲ್ಲಿ ಪ್ರಿಂಟ್ ತೆಗೆದ ಮೇಲೆ ಮಗ ದೆಹಲಿಯಿಂದ ಸೀಟನ್ನು 14Cಯಿಂದ 6Aಗೆ ಬದಲಿಸಿದರೆ ಕಾಗದಕ್ಕೆ ಅದು ಗೊತ್ತಾಗುವುದಿಲ್ಲ. ಗೇಟಿನ ಯಂತ್ರ ಕಾಗದದಲ್ಲಿ ಓದಿದ್ದನ್ನು ಸಂಸ್ಥೆಯ ಪಟ್ಟಿಯೊಡನೆ ಹೋಲಿಸುತ್ತದೆ, ಹೊಂದದಿದ್ದರೆ ಸಿಬ್ಬಂದಿಗೆ ಸೂಚನೆ ಕೊಡುತ್ತದೆ. ಆಗ ಅವರು ಹೊಸ ಚೀಟಿ ಕೊಡುತ್ತಾರೆ ಅಥವಾ ಪೆನ್ನಿನಲ್ಲಿ ತಿದ್ದುತ್ತಾರೆ. ತೀರ್ಮಾನ ಯಾವಾಗಲೂ ಪಟ್ಟಿಯದು. ಸೀಟು ಬದಲಿಸಿದ್ದರೆ ಹೊಸ ಪ್ರಿಂಟ್ ತೆಗೆದುಕೊಂಡು ಹಳೆಯದನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ಕಾಗದದ ಮೇಲಿನ ಆಯತಾಕಾರದ ಚಿತ್ರ ಪಿಡಿಎಫ್417 ಎಂಬ ಬಗೆಯದು. ಸಣ್ಣ ಗೆರೆಗಳ ಸಾಲುಗಳನ್ನು ಒಂದರ ಮೇಲೊಂದು ಪೇರಿಸಿದ ರಚನೆ ಅದು. ಅದರಲ್ಲಿನ ಪ್ರತಿ ಘಟಕದಲ್ಲಿ 4 ಗೆರೆ 4 ಅಂತರ, ಒಟ್ಟು ಅಗಲ ಅತಿ ಸಣ್ಣ ಗೆರೆಯ ಅಗಲದ 17 ಪಟ್ಟು. ಹೆಸರಿನಲ್ಲಿರುವ 417 ಬಂದದ್ದು ಅಲ್ಲಿಂದ. ಮೊಬೈಲಿನ ಪಾಸಿನಲ್ಲಿ ಅದರ ಬದಲು ಚೌಕಾಕಾರದ ಕ್ಯುಆರ್ ಅಥವಾ ಅಜ್ಟೆಕ್ ಇರುತ್ತದೆ, ಒಳಗಿನ ಸಾಲು ಮಾತ್ರ ಅದೇ. ಪಿಡಿಎಫ್417ರಲ್ಲಿ ದೋಷ ಸರಿಪಡಿಸುವ ಹೆಚ್ಚುವರಿ ಘಟಕಗಳು ಸೇರಿರುವುದರಿಂದ ನಡುವೆ ಒಂದಿಷ್ಟು ಮಸಿ, ಗೀರು ಬಿದ್ದರೂ ಯಂತ್ರ ಓದಿಕೊಳ್ಳುತ್ತದೆ. ಎಡ ಬಲ ಅಂಚುಗಳಲ್ಲಿ ಮೇಲಿಂದ ಕೆಳಗಿನವರೆಗೆ ನಿಂತ ಉದ್ದನೆಯ ಗೆರೆಗಳು ಶುರು ಮತ್ತು ಮುಕ್ತಾಯದ ಗುರುತುಗಳು; ಅವು ಕತ್ತರಿಸಿಹೋದರೆ ಒಳಗೆಲ್ಲ ಚೊಕ್ಕವಾಗಿದ್ದರೂ ಯಂತ್ರಕ್ಕೆ ಚಿತ್ರವೇ ಸಿಗದೆ ಹೋಗಬಹುದು. ಹಾಳೆ ಉಳಿಸಲೆಂದು ನಾಲ್ವರ ಪಾಸನ್ನು ಒಂದೇ ಪುಟಕ್ಕೆ ಕುಗ್ಗಿಸಿ ಮುದ್ರಿಸಿದಾಗ, ಟೋನರ್ ಮುಗಿಯುತ್ತಾ ಬಂದು ಗೆರೆಗಳು ಬೂದಿಯಾದಾಗ, ಸ್ಕ್ರೀನ್‌ಶಾಟ್ ತೆಗೆಯುವಾಗ ಅಂಚು ಹೊರಗುಳಿದಾಗ ಸ್ಕ್ಯಾನ್ ವಿಫಲವಾಗುವುದು ಇದೇ ಕಾರಣಕ್ಕೆ. ಅಂಗಡಿಯಿಂದ ಹೊರಡುವ ಮೊದಲೇ ಮೊಬೈಲಿನಿಂದ ಒಮ್ಮೆ ಓದಿ ನೋಡಿದರೆ, ಮೇಲಿನಂಥ ಸಾಲು ಪರದೆಗೆ ಬಂದರೆ, ಪ್ರಿಂಟ್ ಸರಿಯಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಆದರೆ ಅದಕ್ಕೆ ಬಳಸುವ ಆ್ಯಪ್ ಓದಿದ್ದನ್ನು ಎಲ್ಲಿಗೂ ಕಳುಹಿಸದೆ ಫೋನಿನಲ್ಲೇ ತೋರಿಸುವಂಥದ್ದಾಗಿರಬೇಕು.

ಏಕೆಂದರೆ ಈ ಸಾಲಿಗೆ ಬೀಗವಿಲ್ಲ. ಸಹಿ ಇದ್ದರೂ ಅದು ತಿದ್ದುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನಲ್ಲ. ಕಡ್ಡಾಯ ಭಾಗದಲ್ಲಿ ಆಧಾರ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್, ಟಿಕೆಟಿನ ಬೆಲೆ ಯಾವುದೂ ಇಲ್ಲ ಎಂಬುದು ನಿಜ. ಆದರೆ ಉಪನಾಮ ಮತ್ತು ಪಿಎನ್‌ಆರ್ ಇವೆ, ಹಲವು ಸಂಸ್ಥೆಗಳ ಜಾಲತಾಣದಲ್ಲಿ ಬುಕಿಂಗ್ ತೆರೆಯಲು ಆ ಎರಡೇ ಸಾಕು. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ತಮ್ಮ ಪಾಸಿನ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದರು. ಅದರ ಮೇಲಿದ್ದ ಬುಕಿಂಗ್ ಸಂಖ್ಯೆಯಿಂದ ಒಬ್ಬರು ಸಂಸ್ಥೆಯ ಜಾಲತಾಣದೊಳಗೆ ಹೋಗಿ, ಪುಟದ ಮರೆಯಲ್ಲಿದ್ದ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರುಗಳನ್ನು ಕಂಡು, ಅದನ್ನು ಸಂಬಂಧಪಟ್ಟವರಿಗೆ ತಿಳಿಸಿದರು. ಕೇಡಿನ ಬುದ್ಧಿಯವರಾಗಿದ್ದರೆ ಹಿಂತಿರುಗುವ ಟಿಕೆಟನ್ನು ಬದಲಿಸುವ ಅಥವಾ ರದ್ದು ಮಾಡುವ ದಾರಿಯೂ ಅದೇ ಆಗುತ್ತಿತ್ತು.

ಪ್ರಯಾಣದ ಸಂಭ್ರಮಕ್ಕೆ ಪಾಸಿನ ಚಿತ್ರವನ್ನು ಸ್ಟೇಟಸ್‌ಗೆ ಹಾಕುವವರು ಹಲವರು ಪಿಎನ್‌ಆರ್ ಮೇಲೆ ಬೆರಳಿಟ್ಟು ಮುಚ್ಚಿ, ಬಾರ್‌ಕೋಡನ್ನು ಹಾಗೆಯೇ ಬಿಡುತ್ತಾರೆ. ಅದರೊಳಗೆ ಅದೇ ಪಿಎನ್‌ಆರ್ 24ನೇ ಅಕ್ಷರದಿಂದ ಆರಂಭವಾಗಿ ಕುಳಿತಿರುತ್ತದೆ. ಬಾರ್‌ಕೋಡ್ ಮುಚ್ಚಿ ಮೇಲಿನ ಅಚ್ಚನ್ನು ಮರೆಯುವುದೂ ಉಂಟು, ಹರಿದು ಕೊಡುವ ಕಿರುಭಾಗದಲ್ಲಿ ಅದು ಇನ್ನೊಮ್ಮೆ ಅಚ್ಚಾಗಿರುವುದು ಗಮನಕ್ಕೇ ಬಾರದಿರುವುದೂ ಉಂಟು. ಬ್ಯಾಗಿಗೆ ಕಟ್ಟಿದ ಪಟ್ಟಿಯಲ್ಲೂ ಕೆಲವು ಸಂಸ್ಥೆಗಳು ಹೆಸರಿನ ಜೊತೆ ಪಿಎನ್‌ಆರ್ ಹಾಕುತ್ತವೆ. ಹಿಂತಿರುಗುವ ಪ್ರಯಾಣ ಅದೇ ಬುಕಿಂಗಿನಲ್ಲಿದ್ದರೆ ದೆಹಲಿಯಲ್ಲಿ ಇಳಿದ ಮೇಲೂ ಆ ಪಿಎನ್‌ಆರ್ ಬಳಕೆಯಲ್ಲೇ ಇರುತ್ತದೆ, ಆದ್ದರಿಂದ ಹೋಗುವಾಗಿನ ಪಾಸನ್ನು ನಿಲ್ದಾಣದ ಕಸದ ಬುಟ್ಟಿಗೆ ಇಡಿಯಾಗಿ ಹಾಕದೆ ಮನೆಗೆ ತಂದು, ಮೈಲಿ ಅಂಕಗಳು ಖಾತೆಗೆ ಬಂದದ್ದನ್ನು ನೋಡಿಕೊಂಡ ಮೇಲೆ, ಬಾರ್‌ಕೋಡಿನ ನಡುವೆ ಹಾಯುವಂತೆ ಹರಿದು ಬಿಸಾಡಬೇಕು.